ಒಂದು ಸಾಲಿನ ಉತ್ತರ ಸಾಕು

ನಾನು ಮನೆಯಲ್ಲೇ ಕುಳಿತು ಪುಸ್ತಕಗಳ ಡಿಟಿಪಿ ಮಾಡುವವಳು. ಹದಿನೈದು ವರ್ಷ ಪುಟ ಕಟ್ಟಿಕೊಟ್ಟ ಪುಸ್ತಕಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ಪೇಜ್‌ಮೇಕರ್ ಕಡತಗಳಾಗಿ ಕುಳಿತಿವೆ. ಅವನ್ನು ಯೂನಿಕೋಡ್‌ಗೆ ತಂದು ಇ-ಪುಸ್ತಕ ಮಾಡುವ ಕೆಲಸ ಈಚೆಗೆ ಕೈಗೆ ಹತ್ತಿತು. ಹಳೆಯ ಪ್ರಕಾಶಕರಿಗೂ ಲೇಖಕರಿಗೂ ಇದನ್ನು ತಿಳಿಸಬೇಕಿತ್ತು.

ಮೊದಲು ಬರೆದ ಕಾಗದದಲ್ಲಿ ಪುಟಕ್ಕೆ ಇಷ್ಟು ಎಂಬ ದರ ಇತ್ತು, ತಿಂಗಳ ಕೊನೆಯವರೆಗೆ ರಿಯಾಯಿತಿ ಇತ್ತು, ಪರಿಚಿತರಿಗೂ ತಿಳಿಸಿ ಎಂಬ ಕೋರಿಕೆ ಇತ್ತು. ಓದಿಕೊಂಡಾಗ ತಪ್ಪು ಕಂಡಿತು. ದರ ನೋಡಿದ ಪ್ರಕಾಶಕರು ಯಾವ ಪುಸ್ತಕ, ಲೇಖಕರ ಒಪ್ಪಿಗೆ ಇದೆಯೇ, ಹಣ ಎಲ್ಲಿಂದ ಎಂದು ಯೋಚಿಸಬೇಕಾಗುತ್ತದೆ. ಆಮೇಲೆ ನೋಡೋಣ ಎಂದು ಬದಿಗಿಟ್ಟರೆ ಉತ್ತರ ಬರುವುದೇ ಇಲ್ಲ. ಮುಂದೆ ಪುಸ್ತಕ ಬಿಡುಗಡೆಯಲ್ಲಿ ಎದುರಾದಾಗ ಇಬ್ಬರಿಗೂ ಮುಜುಗರ. ಹಾಗಾಗಿ ಅವರಿಗೆ ಆಗಲೇ ಗೊತ್ತಿರುವ ಒಂದೇ ಸಂಗತಿಯನ್ನು ಕೇಳುವುದೆಂದು ತೀರ್ಮಾನಿಸಿದೆ.

ಯಾವ ಸಂಗತಿ ಎಂಬುದು ಕೆಲಸದ ಸ್ವರೂಪದಿಂದಲೇ ಹೊಳೆಯಿತು. ಹಳೆಯ ನುಡಿ ಫಾಂಟುಗಳು ಕನ್ನಡ ಅಕ್ಷರದ ಚೂರುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಕಾಣುವುದು ಅದಕ್ಕೇ. ಪರಿವರ್ತಕ ತಂತ್ರಾಂಶ ಬಹುಪಾಲನ್ನು ಸರಿಪಡಿಸುತ್ತದೆ, ಆದರೆ ಅರ್ಕಾವೊತ್ತಿನಲ್ಲಿ ಎಡವಬಹುದು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಸ್ಥಾನ ಬದಲಾಗದಿದ್ದರೆ ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತದೆ, ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಚೂರುಗಳಾಗಿಬಿಡುತ್ತವೆ. ಆದ್ದರಿಂದ ಪರಿವರ್ತನೆ ನಿಮಿಷಗಳಲ್ಲಿ ಮುಗಿದರೂ ಕರಡು ತಿದ್ದಲು ದಿನಗಳೇ ಬೇಕು. ಮೂಲ ಕಡತವೇ ಇಲ್ಲದೆ ಅಚ್ಚಾದ ಪ್ರತಿ ಮಾತ್ರ ಉಳಿದಿದ್ದರೆ ಅದು ಬೇರೆಯದೇ ಕೆಲಸ: ಸ್ಕ್ಯಾನ್ ಮಾಡಬೇಕು ಇಲ್ಲವೇ ಮತ್ತೆ ಟೈಪ್ ಮಾಡಬೇಕು. ನನಗೆ ತಿಳಿಯಬೇಕಾದದ್ದು ಕಡತ ಇದೆಯೋ ಇಲ್ಲವೋ ಎಂಬುದಷ್ಟೆ.

ಒಬ್ಬ ಪ್ರಕಾಶಕರಿಗೆ ಕಳಿಸಿದ ಕಾಗದ ಹೀಗಿತ್ತು:

“ನಮಸ್ಕಾರ ಸರ್. 2011ರಲ್ಲಿ ನಿಮ್ಮ ಪ್ರಬಂಧ ಸಂಕಲನದ ಪುಟ ಕಟ್ಟಿದ್ದೆ. ಎರಡನೇ ಕರಡಿನಲ್ಲಿ ಪರಿವಿಡಿ ಪೂರ್ತಿ ಬದಲಾಗಿ, ರಾತ್ರಿ ಕೂತು ಮುಗಿಸಿದ್ದೆವು. ಈಗ ನುಡಿಯಲ್ಲಿರುವ ಹಳೆಯ ಪುಸ್ತಕಗಳನ್ನು ಯೂನಿಕೋಡ್‌ಗೆ ತಂದು, ಕರಡು ತಿದ್ದಿ, ಇ-ಪುಸ್ತಕ ಮಾಡಿಕೊಡಲು ಶುರುಮಾಡಿದ್ದೇನೆ. ತಿಳಿದಿರಲಿ ಎಂದು ಬರೆದೆ. ಕೆಲಸ ಕೊಡಿ ಎಂದು ಕೇಳುತ್ತಿಲ್ಲ. ಒಂದೇ ಪ್ರಶ್ನೆ: ಆ ಪುಸ್ತಕದ ಪೇಜ್‌ಮೇಕರ್ ಕಡತ ನಿಮ್ಮ ಬಳಿ ಇದೆಯೇ? ಇದೆ, ಇಲ್ಲ ಎಂದಷ್ಟೇ ಬರೆದರೆ ಸಾಕು.”

ಇದರಲ್ಲಿ ಮೊದಲ ಎರಡು ವಾಕ್ಯಗಳೇ ನಿಜವಾಗಿ ಸಮಯ ತಿಂದದ್ದು. ಒಬ್ಬೊಬ್ಬರ ಜೊತೆ ಮಾಡಿದ ಕೆಲಸದಲ್ಲಿ ಇಬ್ಬರಿಗೂ ನೆನಪಿರುವಂಥದ್ದನ್ನು ಹುಡುಕಬೇಕು. ಒಂದೇ ಕಾಗದವನ್ನು ಎಲ್ಲರಿಗೂ ಒಟ್ಟಿಗೆ ಕಳಿಸಿದರೆ ಅದು ಕರಪತ್ರವಾಗುತ್ತದೆ. ದಿನಕ್ಕೆ ನಾಲ್ಕೈದು ಮಾತ್ರ ಬರೆದೆ. ಬೇರೆ ಪ್ರಕಾಶಕರ ಹೆಸರನ್ನಾಗಲಿ, ಅವರಿಗಾಗಿ ಮಾಡುತ್ತಿರುವ ಪುಸ್ತಕವನ್ನಾಗಲಿ ಮಾದರಿಗೆಂದು ತೋರಿಸಲಿಲ್ಲ. ಅದನ್ನು ಹೊರಗೆ ಹೇಳುವ ಹಕ್ಕು ನನ್ನದಲ್ಲ.

ಕಷ್ಟವಾದದ್ದು ಉತ್ತರ ಬಂದ ಮೇಲೆ. ‘ಇದೆ’ ಎಂದು ಬಂದ ಕೂಡಲೇ ದರಪಟ್ಟಿ ಕಳಿಸಲು ಕೈ ಓಡುತ್ತದೆ. ಕಳಿಸಿದರೆ ‘ಅಷ್ಟೇ ಸಾಕು’ ಎಂದದ್ದು ಸುಳ್ಳಾಗುತ್ತದೆ. ‘ಧನ್ಯವಾದ ಸರ್, ಅದರ ಇನ್ನೊಂದು ಪ್ರತಿ ಪೆನ್ ಡ್ರೈವಿನಲ್ಲೂ ಇಟ್ಟಿರಿ’ ಎಂದು ಬರೆದು ನಿಲ್ಲಿಸಿದೆ. ಖರ್ಚೆಷ್ಟು ಎಂದು ಅವರೇ ಕೇಳಿದಾಗ ಮಾತ್ರ ಲೆಕ್ಕ ಕೊಟ್ಟೆ. ಉತ್ತರವೇ ಬಾರದವರಿಗೆ ಮತ್ತೆ ಬರೆಯಲಿಲ್ಲ.

‘ಇಲ್ಲ’ ಎಂದವರ ವಿಷಯದಲ್ಲಿ ಒಂದು ಎಚ್ಚರ ಬೇಕಾಯಿತು. ಕಡತ ನನ್ನ ಡಿಸ್ಕಿನಲ್ಲೇ ಇರಬಹುದು, ಆದರೆ ಯಾರಿಗೆ ಕೊಡಬೇಕು? ಡಿಟಿಪಿಗೆ ಹಣ ಕೊಟ್ಟವರು ಪ್ರಕಾಶಕರಾದರೆ, ಲೇಖಕರು ಕೇಳಿದರೂ ಮೊದಲು ಪ್ರಕಾಶಕರಿಗೆ ತಿಳಿಸಬೇಕು.

ಹಿರಿಯ ಲೇಖಕಿಯೊಬ್ಬರು ಸ್ವಂತ ಖರ್ಚಿನಲ್ಲಿ ಕಥಾಸಂಕಲನ ತಂದಿದ್ದರು. ಅವರ ಉತ್ತರ ಹೀಗೆ ಬಂತು: “ಕಡತ ಇಲ್ಲಮ್ಮ. ಕಂಪ್ಯೂಟರ್ ಕೆಟ್ಟಾಗಲೇ ಹೋಯಿತು. ಪುಸ್ತಕದ ಒಂದೇ ಪ್ರತಿ ಉಳಿದಿದೆ, ಅದಕ್ಕೂ ಗೆದ್ದಲು ಹಿಡಿದಿದೆ.” ಆ ರಾತ್ರಿ ಡಿಸ್ಕ್ ಹುಡುಕಿದೆ. ಹೆಸರು ತಪ್ಪಾಗಿ ಉಳಿಸಿದ್ದ ಒಂದು ಫೋಲ್ಡರಿನಲ್ಲಿ 146 ಪುಟಗಳೂ ಇದ್ದವು. ಅವರ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ಇರಲಾರದೆಂದು ಪಿಡಿಎಫ್ ಮಾಡಿ, ಮೂಲ ಕಡತದ ಜೊತೆ ಕಳಿಸಿದೆ.