ನೋಟಿಸ್ ಪೀರಿಯಡ್ ತಪ್ಪಿಸಿದ ಕೆಲಸ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಎಚ್‌ಆರ್ ಮೇಡಂ ನಿರಾಕರಣೆಯ ಮೇಲ್ ಬರೆಯಲು ಕೂತಿದ್ದಾರೆ. ಹುಡುಗಿ ಸಂದರ್ಶನದ ಎಲ್ಲ ಸುತ್ತನ್ನೂ ದಾಟಿದ್ದಳು. ಅವಳ ಪರ ವಾದಿಸಿದ್ದೂ ಇವರೇ. ಅಡ್ಡಬಂದದ್ದು 90 ದಿನಗಳ ನೋಟಿಸ್ ಪೀರಿಯಡ್. ಇಲ್ಲಿ ತಿಂಗಳೊಳಗೆ ಜನ ಬೇಕು. ಉಳಿದ ದಿನಗಳ ಸಂಬಳ ಕಟ್ಟಿಸಿಕೊಂಡು ಬಿಟ್ಟುಕೊಡಲು ಹಳೇ ಕಂಪನಿ ಒಪ್ಪಲಿಲ್ಲ.

ಸಿದ್ಧ ನಮೂನೆಯಲ್ಲಿ ‘ಹೆಚ್ಚು ಸೂಕ್ತ ಅಭ್ಯರ್ಥಿ ಸಿಕ್ಕಿದ್ದಾರೆ’ ಎಂದಿತ್ತು. ಅಳಿಸಿದರು. ಅದನ್ನು ಓದಿದವಳು ತನ್ನ ಕೋಡಿಂಗ್‌ನಲ್ಲೇ ಕೊರತೆ ಹುಡುಕುತ್ತಾ ಕೂರುತ್ತಾಳೆ. ‘ನಿಮ್ಮ ರೆಸ್ಯೂಮೆ ನಮ್ಮಲ್ಲಿರುತ್ತದೆ’ ಎಂಬುದೂ ಹೋಯಿತು; ಆ ಮಾತನ್ನು ಯಾರು ನಂಬುತ್ತಾರೆ? ‘ನನಗೆ ತುಂಬಾ ಬೇಸರವಾಗಿದೆ’ ಎಂದು ಬರೆದು, ಅದನ್ನೂ ತೆಗೆದರು. ಸಮಾಧಾನ ಹೇಳುವ ಹೊರೆ ಆ ಹುಡುಗಿಗೇ ಬೀಳಬಾರದಲ್ಲ.

ಉಳಿದದ್ದು ಇಷ್ಟು: ‘ಸಂದರ್ಶನದಲ್ಲಿ ನೀವು ಆಯ್ಕೆಯಾಗಿದ್ದಿರಿ. ಸೇರುವ ದಿನಾಂಕ ಮಾತ್ರ ಹೊಂದಲಿಲ್ಲ. ಬೇರೆ ಆಫರ್ ಇದ್ದರೆ ನಮಗಾಗಿ ಕಾಯಬೇಡಿ.’