ಅಪ್ಪನ ಕ್ಲೇಮ್ ನಿಂತಾಗ ಎಚ್‌ಆರ್‌ಗೆ ಏನು ಬರೆಯಬೇಕು

ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಪಾಲಿಸಿದಾರ ಕಂಪನಿಯೇ. ನೌಕರ, ಅವನ ಅಪ್ಪ ಅಮ್ಮ ಅದರೊಳಗಿನ ಸದಸ್ಯರು ಅಷ್ಟೆ. ಹಾಗಾಗಿ ಟಿಪಿಎ ಸಹಾಯವಾಣಿಗೆ ದಿನವಿಡೀ ಫೋನ್ ಮಾಡಿದರೂ ಆಗದ ಕೆಲವು ಕೆಲಸ ಎಚ್‌ಆರ್‌ನ ಒಂದೇ ಮೇಲ್‌ನಿಂದ ಆಗುತ್ತದೆ.

ಬರೆಯುವ ಮುಂಚೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಿಂದ ಟಿಪಿಎ ಕಳಿಸಿದ ಕ್ವೆರಿಯ ಪ್ರತಿ ಕೇಳಿ ಪಡೆಯಿರಿ. ಬಿಪಿ, ಶುಗರ್ ಎಷ್ಟು ವರ್ಷದಿಂದ ಇದೆ ಎಂದು ಕೇಳಿದ್ದರೆ ಉತ್ತರಿಸಬೇಕಾದವರು ಚಿಕಿತ್ಸೆ ಕೊಡುತ್ತಿರುವ ವೈದ್ಯರು. ಎಚ್‌ಆರ್‌ಗೆ ಬರೆದು ಪ್ರಯೋಜನವಿಲ್ಲ. ‘ಸದಸ್ಯರ ವಿವರ ತಾಳೆಯಾಗುತ್ತಿಲ್ಲ’ ಎಂದಿದ್ದರೆ ಅದು ಎಚ್‌ಆರ್ ಕೆಲಸ. ನಮ್ಮಲ್ಲಿ ಇದು ಆಗಾಗ ಆಗುವಂಥದ್ದೇ, ಇನಿಷಿಯಲ್ಲಿನ ಕೃಪೆ! ಇ-ಕಾರ್ಡಿನಲ್ಲಿ ‘ಕೆ. ಶಿವಣ್ಣ, 61’, ಆಧಾರಿನಲ್ಲಿ ‘ಶಿವಣ್ಣ ಕೆಂಪಯ್ಯ, 64’ ಎಂದಿದೆ ಎಂದುಕೊಳ್ಳಿ. ಆಗ ಪತ್ರ ಹೀಗಿರಲಿ:

“ವಿಷಯ: ತುರ್ತು – ತಂದೆ ಆಸ್ಪತ್ರೆಯಲ್ಲಿದ್ದಾರೆ, ಹೆಸರು ತಿದ್ದುಪಡಿ ಬೇಕು (ನೌಕರ ಸಂಖ್ಯೆ …, ಕ್ಲೇಮ್ ಸಂಖ್ಯೆ …)

ಮಾನ್ಯರೇ, ನನ್ನ ತಂದೆ ನಿನ್ನೆ ಸಂಜೆ ಹೃದಯದ ತೊಂದರೆಯಿಂದ ದಾಖಲಾಗಿದ್ದಾರೆ. ಇ-ಕಾರ್ಡ್ ಮತ್ತು ಆಧಾರಿನಲ್ಲಿ ಹೆಸರು, ವಯಸ್ಸು ಬೇರೆಯಾಗಿರುವುದರಿಂದ ಟಿಪಿಎ ಕ್ಯಾಶ್‌ಲೆಸ್ ತಡೆಹಿಡಿದಿದೆ. ಇವರನ್ನು ಪಾಲಿಸಿ ಆರಂಭದಲ್ಲೇ ಸೇರಿಸಿದ್ದೆ. ಆಗ ಬಂದ ದೃಢೀಕರಣ ಮೇಲ್ ಲಗತ್ತಿಸಿದ್ದೇನೆ. ಎರಡೂ ಹೆಸರು ಒಬ್ಬರದ್ದೇ ಎಂದು ವಿಮಾ ಕಂಪನಿಗೂ ಟಿಪಿಎಗೂ ದಯವಿಟ್ಟು ಇಂದೇ ಬರೆದು, ತಿದ್ದುಪಡಿ ಎಂಡಾರ್ಸ್‌ಮೆಂಟ್ ಮಾಡಿಸಿಕೊಡಿ. ಆಧಾರ್, ಇ-ಕಾರ್ಡ್, ಕ್ವೆರಿ ಪ್ರತಿ ಜೊತೆಗಿವೆ.”

ಇದರಲ್ಲಿ ತೂಕವಿರುವುದು ‘ಆರಂಭದಲ್ಲೇ ಸೇರಿಸಿದ್ದೆ’ ಎಂಬ ಮಾತಿಗೆ. ದಾಖಲಾದ ಮೇಲೆ ಹೊಸದಾಗಿ ಹೆಸರು ಸೇರಿಸುವುದನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇದ್ದ ಹೆಸರನ್ನು ತಿದ್ದುವುದು ಬೇರೆ ವಿಷಯ. ಎಚ್‌ಆರ್‌ನವರು ಪತ್ರ ಓದಿದ ಕೂಡಲೇ ಇದು ಎರಡನೆಯದು ಎಂದು ಅವರಿಗೆ ಗೊತ್ತಾಗಬೇಕು. ಅಪ್ಪನ ಕಾಯಿಲೆಯ ಕಥೆಯನ್ನು ಪುಟಗಟ್ಟಲೆ ಬರೆದರೆ ಮುಖ್ಯ ಮಾತು ಅದರಡಿ ಹೂತುಹೋಗುತ್ತದೆ.

ಹೊತ್ತಿನ ಬಗ್ಗೆಯೂ ಒಂದು ಮಾತು. ಐಆರ್‌ಡಿಎಐನ 2024ರ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ ತೀರ್ಮಾನ ಹೇಳಬೇಕು, ಡಿಸ್ಚಾರ್ಜ್ ವೇಳೆ ಆಸ್ಪತ್ರೆಯ ಕೋರಿಕೆ ತಲುಪಿದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಆದರೆ ಕ್ವೆರಿಗೆ ಉತ್ತರ ಹೋಗದೆ ಇದ್ದರೆ ಈ ನಿಯಮ ತೋರಿಸಿ ಜಗಳವಾಡಿ ಉಪಯೋಗವಿಲ್ಲ.

ತಿದ್ದುಪಡಿ ಆದರೂ ಇಡೀ ಬಿಲ್ ಪಾಸಾಗುತ್ತದೆಂದಲ್ಲ. ತಂದೆ ತಾಯಿಗೆ ಕೋ-ಪೇ, ಕೋಣೆ ಬಾಡಿಗೆಯ ಮಿತಿ ಇರುವ ಪಾಲಿಸಿಗಳಿವೆ. ಅವನ್ನು ಎಚ್‌ಆರ್ ಬದಲಿಸಲಾರರು. ಡಿಸ್ಚಾರ್ಜ್‌ಗೆ ಮುಂಚೆ ಒಪ್ಪಿಗೆ ಬಾರದಿದ್ದರೆ ಹಣ ಕಟ್ಟಿ, ಮೂಲ ಬಿಲ್, ರಸೀದಿ, ಡಿಸ್ಚಾರ್ಜ್ ಸಾರಾಂಶ ಇಟ್ಟುಕೊಂಡು ಮರುಪಾವತಿಗೆ ಅರ್ಜಿ ಹಾಕಿ. ಅದಕ್ಕೂ ಈ ತಿದ್ದುಪಡಿ ಬೇಕೇ ಬೇಕು. ಹಾಗಾಗಿ ಅಪ್ಪ ಮನೆಗೆ ಬಂದ ಮೇಲೂ ಎಚ್‌ಆರ್ ಬೆನ್ನು ಬಿಡಬೇಡಿ.