ನೋಡಿ ಐದು ವರ್ಷವಾಯಿತು

‘ಇಟ್ ಈಸ್ ಫೈವ್ ಇಯರ್ಸ್ ಸಿನ್ಸ್ ಐ ಲಾಸ್ಟ್ ಸಾ ಮೀರಾ.’ ಅರ್ಥ ಕೆಡದಂತೆ ಈ ವಾಕ್ಯವನ್ನು ಬೇರೆ ರೀತಿಯಲ್ಲಿ ಬರೆಯಿರಿ ಎನ್ನುವುದು ಇಂಗ್ಲಿಷ್ ವ್ಯಾಕರಣದ ಹಳೆಯ ಪ್ರಶ್ನೆ. ಉತ್ತರ ಎರಡು ಬಗೆಯಲ್ಲಿ ಬರಬಹುದು. ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ಬರೆದರೆ ‘ಐ ಹ್ಯಾವ್ ನಾಟ್ ಸೀನ್ ಮೀರಾ ಫಾರ್ ಫೈವ್ ಇಯರ್ಸ್’. ಸರಳ ಭೂತಕಾಲದಲ್ಲಿ ಬರೆದರೆ ‘ಐ ಲಾಸ್ಟ್ ಸಾ ಮೀರಾ ಫೈವ್ ಇಯರ್ಸ್ ಅಗೋ’. ಎರಡನೆಯದನ್ನೇ ತುಸು ಹಿಗ್ಗಿಸಿ ‘ದ ಲಾಸ್ಟ್ ಟೈಮ್ ಐ ಸಾ ಮೀರಾ ವಾಸ್ ಫೈವ್ ಇಯರ್ಸ್ ಅಗೋ’ ಎಂದೂ ಹೇಳುತ್ತಾರೆ.

ನಾಲ್ಕೂ ವಾಕ್ಯ ಹೇಳುವ ಸಂಗತಿ ಒಂದೇ. ಆದರೆ ಮೊದಲನೆಯದರಲ್ಲಿ ‘ನೋಡಿದೆ’ ಎಂದಿದೆ, ಎರಡನೆಯದರಲ್ಲಿ ‘ನೋಡಿಲ್ಲ’ ಎಂದಿದೆ. ಎಲ್ಲೂ ಇಲ್ಲದ ‘ನಾಟ್’ ದಿಢೀರನೆ ಎಲ್ಲಿಂದ ಬಂತು? ವಿದ್ಯಾರ್ಥಿಗಳು ಮುಗ್ಗರಿಸುವುದು ಇಲ್ಲೇ. ಕೆಲವರು ‘ನಾಟ್’ ಹಾಕುವುದನ್ನೇ ಮರೆಯುತ್ತಾರೆ. ಇನ್ನು ಕೆಲವರು ಎಚ್ಚರಿಕೆ ಹೆಚ್ಚಾಗಿ ಮೂಲ ವಾಕ್ಯಕ್ಕೂ ಅದನ್ನು ತುರುಕಿ ‘ಇಟ್ ಈಸ್ ಫೈವ್ ಇಯರ್ಸ್ ಸಿನ್ಸ್ ಐ ಹ್ಯಾವ್ ನಾಟ್ ಸೀನ್ ಮೀರಾ’ ಎಂದು ಬರೆದುಬಿಡುತ್ತಾರೆ.

ಕನ್ನಡ ಮಾತಾಡುವವರಿಗೆ ಇದು ನಿಜಕ್ಕೂ ಕಷ್ಟವಾಗಬಾರದು. ‘ಮೀರಾಳನ್ನು ನೋಡಿ ಐದು ವರ್ಷವಾಯಿತು’ ಎಂದು ನಾವು ದಿನವೂ ಆಡುತ್ತೇವೆ. ಅಲ್ಲಿಯೂ ‘ಇಲ್ಲ’ ಇಲ್ಲ. ಕೊನೆಯ ಸಲ ನೋಡಿದ ಗಳಿಗೆಯನ್ನು ಹಿಡಿದು ಅಲ್ಲಿಂದ ಇವತ್ತಿನವರೆಗೆ ವರ್ಷ ಎಣಿಸುತ್ತೇವೆ, ಅಷ್ಟೆ. ಇಂಗ್ಲಿಷಿನ ‘ಇಟ್ ಈಸ್... ಸಿನ್ಸ್’ ಮಾಡುವುದೂ ಅದನ್ನೇ. ಅದೇ ಸಂಗತಿಯನ್ನು ‘ಮೀರಾಳನ್ನು ಐದು ವರ್ಷದಿಂದ ನೋಡಿಲ್ಲ’ ಎಂದಾಗ ಎಣಿಕೆಯ ಮೊದಲ ಗಳಿಗೆ ಮರೆಯಾಗಿ, ಅಲ್ಲಿಂದ ಇಲ್ಲಿಯವರೆಗಿನ ಖಾಲಿ ಅವಧಿ ಮುಂದೆ ಬರುತ್ತದೆ. ಆ ಖಾಲಿತನವನ್ನು ಹೇಳಲು ‘ಇಲ್ಲ’ ಬೇಕೇ ಬೇಕು. ‘ಹ್ಯಾವ್ ನಾಟ್ ಸೀನ್’ನ ‘ನಾಟ್’ ಬಂದದ್ದು ಅಲ್ಲಿಂದ.

ಕಾಲದ ಗೊಂದಲಕ್ಕೂ ಮದ್ದು ನಮ್ಮಲ್ಲೇ ಇದೆ. ‘ನೋಡಿಲ್ಲ’, ‘ನೋಡಲಿಲ್ಲ’ ಎರಡನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ‘ಐದು ವರ್ಷದಿಂದ ನೋಡಿಲ್ಲ’ ಎಂದರೆ ಈ ಕ್ಷಣದವರೆಗೂ ನೋಡಿಲ್ಲ. ‘ಆಮೇಲೆ ಐದು ವರ್ಷ ನೋಡಲಿಲ್ಲ’ ಎಂದರೆ ಆ ಐದು ವರ್ಷ ಮುಗಿದ ಕಥೆ. ಕೇಳುವವರು ‘ಮತ್ತೆ ಯಾವಾಗ ಸಿಕ್ಕಿದಳು?’ ಎಂದು ಕಾಯುತ್ತಾರೆ. ಮೊದಲನೆಯದು ‘ಹ್ಯಾವ್ ನಾಟ್ ಸೀನ್’, ಎರಡನೆಯದು ‘ಡಿಡ್ ನಾಟ್ ಸೀ’. ಅವಸರದ ಮಾತಿನಲ್ಲಿ ಇವೆರಡನ್ನು ನಾವೂ ಬೆರೆಸುವುದುಂಟು, ಆದರೆ ನಿಧಾನಿಸಿ ಬರೆಯುವಾಗ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಹಾಗಾಗಿ ‘ಇಟ್ ಈಸ್ ಫೈವ್ ಇಯರ್ಸ್ ಸಿನ್ಸ್’ ಎಂಬ ವಾಕ್ಯಕ್ಕೆ ‘ಐ ಡಿಡ್ ನಾಟ್ ಸೀ ಮೀರಾ ಫಾರ್ ಫೈವ್ ಇಯರ್ಸ್’ ಎಂದು ಉತ್ತರಿಸಿದರೆ ವ್ಯಾಕರಣ ಸರಿಯಿದ್ದೂ ಅರ್ಥ ತಪ್ಪುತ್ತದೆ.

‘ಅಗೋ’ದ ವಿಷಯವೂ ಹೀಗೆಯೇ. ಅದು ‘ಹಿಂದೆ’. ‘ಐದು ವರ್ಷದ ಹಿಂದೆ ನೋಡಿದ್ದೆ’ ಎಂದರೆ ಒಪ್ಪುತ್ತದೆ. ಇವತ್ತಿನವರೆಗಿನ ಲೆಕ್ಕ ಹೇಳಲು ‘ಐದು ವರ್ಷದ ಹಿಂದೆ ನೋಡಿಲ್ಲ’ ಎಂದರೆ ಒಪ್ಪುವುದಿಲ್ಲ. ‘ಹ್ಯಾವ್’ ಜೊತೆ ‘ಅಗೋ’ ಸೇರಿಸಬೇಡಿ ಎಂಬ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಇದು ಸುಲಭ.

ಕನ್ನಡ ನಮ್ಮನ್ನು ದಾರಿ ತಪ್ಪಿಸುವ ಜಾಗವೂ ಒಂದಿದೆ. ನಾವು ‘ಐದು ವರ್ಷದಿಂದ’ ಎನ್ನುತ್ತೇವೆ, ‘2020ರಿಂದ’ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ. ಅವಧಿಯ ಉದ್ದ ಹೇಳುವಾಗ ‘ಫಾರ್ ಫೈವ್ ಇಯರ್ಸ್’, ಶುರುವಾದ ದಿನ ಹೇಳುವಾಗ ‘ಸಿನ್ಸ್ 2020’. ‘ಐ ಹ್ಯಾವ್ ನಾಟ್ ಸೀನ್ ಹರ್ ಸಿನ್ಸ್ ಫೈವ್ ಇಯರ್ಸ್’ ಎಂಬ ತಪ್ಪು ನಮ್ಮ ಆಫೀಸುಗಳಲ್ಲಿ ಅಷ್ಟು ಸಲೀಸಾಗಿ ಓಡಾಡುವುದಕ್ಕೆ ಈ ಒಂಟಿ ‘ಇಂದ’ವೂ ಒಂದು ಕಾರಣ. ಪ್ರಶ್ನೆಯಲ್ಲೇ ‘ಸಿನ್ಸ್’ ಕಣ್ಣಿಗೆ ರಾಚುತ್ತಿರುವುದರಿಂದ ಅದನ್ನು ಉತ್ತರಕ್ಕೂ ಎಳೆದು ತರುವ ಆಸೆ ಬೇರೆ. ಮೂಲ ವಾಕ್ಯದಲ್ಲಿ ‘ಸಿನ್ಸ್’ನ ಮುಂದೆ ಇರುವುದು ‘ನೋಡಿದೆ’ ಎಂಬ ಘಟನೆ, ವರ್ಷಗಳಲ್ಲ. ಅದನ್ನು ಗಮನಿಸಿದರೆ ಸಾಕು.

ಕೇಂಬ್ರಿಜ್‌ನ ಬಿ2 ಫಸ್ಟ್ ಪರೀಕ್ಷೆಯಲ್ಲಿ ವಾಕ್ಯ ಬದಲಿಸುವುದಕ್ಕೇ ಮೀಸಲಾದ ಒಂದು ಭಾಗವಿದೆ. ಆರು ಪ್ರಶ್ನೆ, ಒಂದೊಂದಕ್ಕೆ ಎರಡು ಅಂಕ. ಒಂದು ವಾಕ್ಯ ಕೊಟ್ಟು, ಕೆಳಗೆ ಒಂದು ಪದ ಕೊಟ್ಟು, ಆ ಪದವನ್ನು ಬದಲಿಸದೆ ಬಳಸಿ ಎರಡರಿಂದ ಐದು ಪದಗಳಲ್ಲಿ ಎರಡನೆಯ ವಾಕ್ಯದ ಖಾಲಿ ಜಾಗ ತುಂಬಿ ಎನ್ನುತ್ತಾರೆ. ನಮ್ಮ ಮೀರಾ ವಾಕ್ಯವನ್ನೇ ಆ ಅಚ್ಚಿಗೆ ಹಾಕೋಣ. ಕೊಟ್ಟ ಪದ ‘ಸೀನ್’. ಎರಡನೆಯ ವಾಕ್ಯ ‘ಐ’ ಎಂದು ಶುರುವಾಗಿ, ನಡುವೆ ಖಾಲಿ ಬಿಟ್ಟು, ‘ಫೈವ್ ಇಯರ್ಸ್’ ಎಂದು ಮುಗಿಯುತ್ತದೆ. ‘ಸೀನ್’ ಒಂಟಿಯಾಗಿ ನಿಲ್ಲದು, ಇಲ್ಲಿ ಅದಕ್ಕೆ ‘ಹ್ಯಾವ್’ ಬೇಕು. ಖಾಲಿ ಅವಧಿ ಹೇಳಬೇಕಾದ್ದರಿಂದ ‘ನಾಟ್’ ಬೇಕು. ಕೊನೆಯಲ್ಲಿರುವುದು ಅವಧಿಯ ಉದ್ದ, ಹಾಗಾಗಿ ‘ಫಾರ್’. ‘ಹ್ಯಾವ್ ನಾಟ್ ಸೀನ್ ಮೀರಾ ಫಾರ್’: ಸರಿಯಾಗಿ ಐದು ಪದ. ‘ಹ್ಯಾವೆಂಟ್’ ಎಂದು ಕೂಡಿಸಿ ಬರೆದರೂ ಅದನ್ನು ಎರಡು ಪದವೆಂದೇ ಎಣಿಸುತ್ತಾರೆ. ‘ಎವರ್’ ಎಂದೋ ಇನ್ನೇನೋ ಒಂದು ಪದ ಅಲಂಕಾರಕ್ಕೆ ಸೇರಿಸಿದರೆ ಮಿತಿ ದಾಟಿತು.

ಇಷ್ಟರಿಂದ ಕೆಲವರು ಒಂದು ಸೂತ್ರ ಕಟ್ಟಿಕೊಡುತ್ತಾರೆ: ‘ಸಿನ್ಸ್’ ತೆಗೆಯಿರಿ, ‘ಹ್ಯಾವ್ ನಾಟ್’ ಹಾಕಿ, ‘ಫಾರ್’ ಸೇರಿಸಿ. ನನಗೆ ಈ ಸೂತ್ರದ ಮೇಲೆ ನಂಬಿಕೆ ಕಡಿಮೆ. ‘ಇಟ್ ಈಸ್ ಫೈವ್ ಇಯರ್ಸ್ ಸಿನ್ಸ್ ವಿ ಮೂವ್ಡ್ ಟು ದಿಸ್ ಹೌಸ್’ ಎಂಬ ವಾಕ್ಯಕ್ಕೆ ಇದನ್ನು ಹಚ್ಚಿದರೆ, ಈಗ ವಾಸವಿರುವ ಮನೆಗೇ ಐದು ವರ್ಷದಿಂದ ಬಂದಿಲ್ಲ ಎಂದಾಗುತ್ತದೆ! ಸರಿಯಾದದ್ದು ‘ವಿ ಹ್ಯಾವ್ ಲಿವ್ಡ್ ಇನ್ ದಿಸ್ ಹೌಸ್ ಫಾರ್ ಫೈವ್ ಇಯರ್ಸ್’. ಇಲ್ಲಿ ‘ನಾಟ್’ ಇಲ್ಲ, ಕ್ರಿಯಾಪದವೂ ಬೇರೆ. ಮೀರಾಳನ್ನು ಕೊನೆಯ ಸಲ ನೋಡಿದ ಮೇಲೆ ನೋಡುವುದು ನಿಂತಿತು. ಹೊಸ ಮನೆಗೆ ಬಂದ ಮೇಲೆ ವಾಸ ಶುರುವಾಯಿತು. ಆ ಗಳಿಗೆಯಲ್ಲಿ ಏನೋ ನಿಂತಿತೇ, ಶುರುವಾಯಿತೇ ಎಂದು ಮೊದಲು ಕೇಳಿಕೊಳ್ಳಬೇಕು. ಸಿಗರೇಟು ಬಿಟ್ಟು ಹತ್ತು ವರ್ಷವಾಯಿತು ಎಂದರೆ ‘ಹಿ ಹ್ಯಾಸ್ ನಾಟ್ ಸ್ಮೋಕ್ಡ್ ಫಾರ್ ಟೆನ್ ಇಯರ್ಸ್’. ಸಿಗರೇಟು ಹಿಡಿದು ಹತ್ತು ವರ್ಷವಾಯಿತು ಎಂದರೆ ‘ಹಿ ಹ್ಯಾಸ್ ಬೀನ್ ಸ್ಮೋಕಿಂಗ್ ಫಾರ್ ಟೆನ್ ಇಯರ್ಸ್’.

ಅಜ್ಜ ತೀರಿಕೊಂಡು ಹತ್ತು ವರ್ಷವಾಯಿತು ಎಂಬಂಥ ವಾಕ್ಯಕ್ಕೆ ಭೂತಕಾಲವೇ ಸುಖ: ‘ಗ್ರ್ಯಾಂಡ್‌ಫಾದರ್ ಡೈಡ್ ಟೆನ್ ಇಯರ್ಸ್ ಅಗೋ’. ಸಾವು ಒಂದು ಗಳಿಗೆಯದು, ಹತ್ತು ವರ್ಷ ಎಳೆಯಲಾಗದು. ಆದ್ದರಿಂದ ‘ಹ್ಯಾಸ್ ಡೈಡ್ ಫಾರ್ ಟೆನ್ ಇಯರ್ಸ್’ ತಪ್ಪು. ಪರ್ಫೆಕ್ಟ್ ಬೇಕೇ ಬೇಕೆಂದರೆ ‘ಹ್ಯಾಸ್ ಬೀನ್ ಡೆಡ್’ ಎಂದು ಸ್ಥಿತಿಯನ್ನು ಹೇಳಬೇಕು.

ಕಥೆ ಹೇಳುವಾಗ ಇಡೀ ಲೆಕ್ಕ ಒಂದು ಮೆಟ್ಟಿಲು ಹಿಂದೆ ಸರಿಯುತ್ತದೆ. ಹೋದ ತಿಂಗಳು ಮದುವೆಮನೆಯಲ್ಲಿ ಮೀರಾ ಸಿಕ್ಕಳು, ಅವಳನ್ನು ನೋಡಿ ಆಗಲೇ ಐದು ವರ್ಷವಾಗಿತ್ತು ಎನ್ನಿ. ‘ಇಟ್ ಈಸ್’ ಹೋಗಿ ‘ಇಟ್ ವಾಸ್ ಫೈವ್ ಇಯರ್ಸ್ ಸಿನ್ಸ್ ಐ ಹ್ಯಾಡ್ ಲಾಸ್ಟ್ ಸೀನ್ ಹರ್’ ಬರುತ್ತದೆ. ‘ಹ್ಯಾವ್ ನಾಟ್ ಸೀನ್’ ಇದ್ದ ಕಡೆ ‘ಹ್ಯಾಡ್ ನಾಟ್ ಸೀನ್’. ‘ಅಗೋ’ ಇವತ್ತಿನಿಂದಲೇ ಎಣಿಸುವ ಪದವಾದ್ದರಿಂದ ಅದರ ಜಾಗಕ್ಕೆ ‘ಫೈವ್ ಇಯರ್ಸ್ ಅರ್ಲಿಯರ್’ ಬರಬೇಕು. ಕನ್ನಡದಲ್ಲಿ ಇದಕ್ಕೆ ನಮಗೆ ಪಾಠ ಬೇಕಾಗಿಲ್ಲ. ಅಲ್ಲಿ ಯಾರೂ ‘ನೋಡಿಲ್ಲ’ ಎನ್ನುವುದಿಲ್ಲ, ‘ಐದು ವರ್ಷದಿಂದ ನೋಡಿರಲಿಲ್ಲ’ ಎಂದೇ ಹೇಳುತ್ತಾರೆ.